ಹಿಮ್ಮಡದ ಚಪ್ಪಲಿ, ಲೆಹೆಂಗಾದ ಅಂಚು

ಗೋಕಾಕದ ನನ್ನ ಹೊಲಿಗೆ ಅಂಗಡಿಯಲ್ಲಿ ಚಪ್ಪಲಿ ಬಾಗಿಲಾಚೆಗೆ. ಚಾಪೆಯ ಮೇಲೆ ಜರಿ ಬಟ್ಟೆ ಹರವಿ ಕೂರುವವಳು ನಾನು. ಯಾರೇ ಬಂದರೂ ಬರಿಗಾಲಲ್ಲೇ ಬರಬೇಕು. ತಮ್ಮನ ಮಗಳ ಮದುವೆಯ ಲೆಹೆಂಗಾಕ್ಕೂ ಹಾಗೆಯೇ ಬರಿಗಾಲಲ್ಲಿ ನಿಲ್ಲಿಸಿ ಅಳತೆ ತೆಗೆದಿದ್ದೆ. ಉದ್ದ ಹೆಚ್ಚಾಗಿತ್ತು. ಕೆಳಗಿನ ಜರಿ ಅಂಚಿಗೆ ಕತ್ತರಿ ಹಾಕಿದರೆ ಅದರ ಚಂದವೇ ಹೋಗುತ್ತದೆ. ಹೆಚ್ಚಾದದ್ದನ್ನು ಸೊಂಟದ ಕಡೆ ಮಡಚಿ ಕಚ್ಚಾ ಹೊಲಿಗೆ ಹಾಕಿಟ್ಟೆ.

ಆಮೇಲೆ ತಮ್ಮ ತೀರಿಕೊಂಡ. ಕಬ್ಬು ಕಡಿಸುತ್ತಿದ್ದವನು ಹೊಲದಲ್ಲೇ ಕುಸಿದ. ಸಾವಾದ ಮನೆ, ವರ್ಷದೊಳಗೇ ಮದುವೆ ಮಾಡಿ ಮುಗಿಸಿ ಎಂದರು ಹಿರಿಯರು. ನಮಗಾರಿಗೂ ಮನಸ್ಸಿರಲಿಲ್ಲ.

ನಾಗನೂರಿನಿಂದ ತಾಯಿ ಮಗಳು ಮತ್ತೆ ಬಂದಾಗ ಹುಡುಗಿ ಸೊರಗಿ ಅರ್ಧ ಆಗಿದ್ದಳು. ಲಾಡಿ ಜಗ್ಗಿದರೆ ಸೊಂಟದ ಸುತ್ತ ಬಟ್ಟೆ ಗುಪ್ಪೆಯಾಗಿ ಕೂತಿತು. ಭಾರದ ಲೆಹೆಂಗಾ, ಸಡಿಲಾದರೆ ಜಾರುತ್ತದೆ, ಬಿಗಿದರೆ ಕೂರಲಾಗದು. ಕೂರಿಸಿ, ಎಬ್ಬಿಸಿ, ಎರಡು ಬೆರಳು ಆಡುವಷ್ಟು ಬಿಟ್ಟು ಕಟ್ಟಿದೆ. ಪಕ್ಕಕ್ಕೊಂದು ಹುಕ್ಕಿಗೆ ಗುರುತು ಹಾಕಿದೆ. ಹಾರ ಹಾಕುವ ಹಾಗೆ ಕೈ ಎತ್ತಿಸಿದರೆ ಚೋಲಿ ಕಂಕುಳಲ್ಲಿ ಬಾಯಿ ಬಿಟ್ಟಿತು. ಎರಡೂ ಪಕ್ಕ ಒಳಕ್ಕೆ ಹಿಡಿದು ಹೊಲಿದೆ, ಆದರೆ ಒಳಗುಳಿದ ಬಟ್ಟೆ ಕತ್ತರಿಸಲಿಲ್ಲ. ಗಂಡನ ಮನೆಯಲ್ಲಾದರೂ ನಾಲ್ಕು ತುತ್ತು ಉಂಡಾಳು, ಆಗ ಹೊಲಿಗೆ ಬಿಚ್ಚಿಕೊಳ್ಳಲಿ.

ಆಗ ಹುಡುಗಿ ಚೀಲದಿಂದ ಪೇಪರಿನಲ್ಲಿ ಸುತ್ತಿದ ಎತ್ತರ ಹಿಮ್ಮಡದ ಚಪ್ಪಲಿ ತೆಗೆದಳು.

"ಅತ್ತಿ, ಇವನ್ನ ಹಾಕ್ಕೊಂಡು ನಿಂದರ್ತೀನಿ, ಉದ್ದ ನೋಡು. ಅಪ್ಪ ಕೊಡಿಸಿದ್ದು."

"ಬ್ಯಾಡಂದ್ರ ಬ್ಯಾಡ," ಎಂದಳು ತಾಯಿ. "ಮೊದಲೇ ಹುಡುಗನಕಿಂತ ಎತ್ತರ ಅದಾಳ. ಮಂದಿ ಏನಂದಾರು? ಅಕ್ಕಾರ, ನೀವರೆ ಹೇಳ್ರಿ."

ಹುಡುಗಿ ಚಪ್ಪಲಿ ಎದೆಗೆ ಒತ್ತಿಕೊಂಡು ನಿಂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪ ಹೋದ ಹುಡುಗಿ ಕೇಳಿದ್ದು ಇಷ್ಟೇ.

"ಹೊಸಾವು, ಇನ್ನಾ ನೆಲಾ ತುಳದಿಲ್ಲ. ಹಾಕ್ಕೋ," ಎಂದೆ. ನನ್ನ ಚಾಪೆಯ ಮೇಲೆ ಮೊದಲ ಸಲ ಚಪ್ಪಲಿ ನಿಂತಿತು.

ಅಂಚು ಮೇಲೇರಿ ಕಾಲ್ಗೆಜ್ಜೆ ಪೂರಾ ಕಂಡವು. ಲಾಡಿ ಬಿಚ್ಚಿ, ಸೊಂಟದ ಮಡಿಕೆ ಬಿಡಿಸಿ, ಮತ್ತೆ ಕಟ್ಟಿದೆ. ಅಂಚು ಇಳಿದು ನೆಲಕ್ಕೆ ಅರ್ಧ ಬೆರಳು ಮೇಲೆ ನಿಂತಿತು. ನಾಲ್ಕು ಹೆಜ್ಜೆ ನಡೆಸಿದೆ. ಅಂಚು ಕಾಲಿಗೆ ಸಿಕ್ಕಲಿಲ್ಲ.

ತಾಯಿ ಮುಖ ಗಂಟಿಕ್ಕಿಕೊಂಡೇ ಎದ್ದು ಬಂದು ಮಗಳ ಹೆಗಲಿಗೆ ದುಪಟ್ಟಾ ಹಾಕಲು ಹೋದಳು. ಕತ್ತು ಎತ್ತಿ ನೋಡಬೇಕಾಯಿತು. ಹಾಗೇ ನಿಂತುಬಿಟ್ಟಳು. ನನಗೂ ಆಗಲೇ ಹೊಳೆದದ್ದು. ಇಷ್ಟು ವರ್ಷ ನನ್ನ ತಮ್ಮನ ಮುಖ ನೋಡಲು ಅವಳು ಇಷ್ಟೇ ಕತ್ತು ಎತ್ತುತ್ತಿದ್ದಳು.

"ಇಷ್ಟ ಎತ್ತರ ಇದ್ರಲ್ರಿ, ಅಕ್ಕಾರ," ಎಂದಳು. ಮಗಳ ಕೆನ್ನೆಗೆ ಕೈಯಿಟ್ಟಳು.

ಕೊನೆಗೆ ಅವಳೇ ಕೆಳಗೆ ಕೂತು, ಅಂಚು ಸರಿಮಾಡಿ, ನನ್ನ ಕಡೆ ತಿರುಗದೇ ಹೇಳಿದಳು: "ಇಷ್ಟಕ್ಕ ಪಕ್ಕಾ ಹೊಲಿಗಿ ಹಾಕಿಬಿಡ್ರಿ."