ಹೆಬ್ಬೆರಳಿನಡಿಯ ಅಕ್ಷರ

ಪೂರಕ ಪರೀಕ್ಷೆಯ ದಿನ ಮೂಡುಬಿದಿರೆಯ ನಮ್ಮ ಕಾಲೇಜಿನ ಗೇಟಿನ ಬಳಿ ವಿಟ್ಲದ ವಿದ್ಯಾರ್ಥಿನಿಯೊಬ್ಬಳು ಅಣ್ಣನ ಮೊಬೈಲನ್ನು ಗಣಿತ ಕಲಿಸುವ ನನ್ನ ಕೈಗಿತ್ತಳು. ಗೆಳತಿಯ ಗೈಡಿನಿಂದ ತೆಗೆದ ಫೋಟೋದಲ್ಲಿ ಪ್ರಶ್ನೆಯಿತ್ತು: COCOON ಪದದ ಅಕ್ಷರಗಳನ್ನು ಎಷ್ಟು ವಿಧದಲ್ಲಿ ಜೋಡಿಸಬಹುದು? ಗಣಿತವೊಂದು ಪಾಸಾದರೆ ಅವಳಿಗೆ ಡಿಗ್ರಿಗೆ ಸೇರಲು ಮನೆಯವರ ಒಪ್ಪಿಗೆಯಿತ್ತು.

“ಆರು ಅಕ್ಷರಕ್ಕೆ ಏಳುನೂರ ಇಪ್ಪತ್ತು. ಮೂರು ‘ಓ’ ಉಂಟಲ್ಲ, ಅವು ತಮ್ಮೊಳಗೆ ಆರು ರೀತಿ ಬದಲಾದರೂ ಪದ ಒಂದೇ, ಹಾಗಾಗಿ ಆರರಿಂದ ಭಾಗಿಸು. ನೂರ ಇಪ್ಪತ್ತು,” ಎಂದೆ.

“ನನಗೆ ಅರವತ್ತು ಬಂತು ಸರ್. ಪುನಃ ಎರಡರಿಂದ ಭಾಗಿಸಿದ್ದೆ.”

“ಗಡಿಬಿಡಿ ಮಾಡಿದ್ದಿ ಮಾರಾಯ್ತಿ. ಒಮ್ಮೆ ಸಾಕು.”

ಅವಳು ತಲೆಯಾಡಿಸಿ, ಮೊಬೈಲ್ ನನ್ನಲ್ಲೇ ಬಿಟ್ಟು ಒಳಗೆ ಹೋದಳು.

ಬೆಲ್ ಆದ ಮೇಲೆ ಫೋಟೋ ಮತ್ತೆ ನೋಡಿದೆ. ನನ್ನ ಹೆಬ್ಬೆರಳು ಮೊದಲ ‘ಸಿ’ಯನ್ನು ಅರ್ಧ ಮುಚ್ಚಿತ್ತು; ಅದನ್ನು ಬೇರೆಯೇ ಅಕ್ಷರವೆಂದು ಎಣಿಸಿದ್ದೆ. ಬೆರಳು ಸರಿಸಿದಾಗ ಎರಡು ‘ಸಿ’ ಕಂಡವು. ಅವು ಸ್ಥಳ ಬದಲಿಸಿಕೊಂಡರೂ ಪದ ಅದೇ. ಪ್ರತಿಯೊಂದು ಜೋಡಣೆಯನ್ನೂ ನಾನು ಎರಡು ಸಲ ಎಣಿಸಿದ್ದೆ. ಅವಳ ಅರವತ್ತೇ ಸರಿ.

ಮೂರು ಗಂಟೆ ಕಾಲ ಗೇಟಿನಲ್ಲೇ ನಿಂತಿದ್ದೆ.

“ಅಂಥದ್ದೇ ಬಂದಿತ್ತು ಸರ್,” ಎಂದಳು ಹೊರಬಂದವಳು. “ನೀವು ಹೇಳಿದ ಹಾಗೆ ಒಂದೇ ಸಲ ಭಾಗಿಸಿದೆ.”

ನಾನು ಮೊಬೈಲ್ ಕೊಟ್ಟೆ. ಬಸ್ಸಿಗೆ ಹೊತ್ತಾಯಿತೆಂದು ಅವಳನ್ನು ಕಳುಹಿಸಿದೆ. ಫಲಿತಾಂಶ ಬಂದ ವಾರವಿಡೀ ಅದರ ಹಾಳೆ ಅಂಟಿಸಿದ ಗೋಡೆಯ ಎದುರು ಹಾದುಹೋಗಲಿಲ್ಲ. ಈಗಲೂ ಯಾರಾದರೂ ಫೋಟೋ ತೋರಿಸಿದರೆ ಮೊದಲು ನನ್ನ ಬೆರಳು ಎಲ್ಲಿದೆ ಎಂದು ನೋಡುತ್ತೇನೆ.