ಇಪ್ಪತ್ತು ಸಾವಿರ ಜನ ನೋಡುತ್ತಾರಂತೆ

ಬೇಲೂರಿನ ನನ್ನ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ ನನಗೇ ಪತ್ರ ಬರೆದು ಕೊಟ್ಟಳು. ಇನ್‌ಸ್ಟಾಗ್ರಾಂ ಜಾಹೀರಾತಿಗೆ ತಿಂಗಳಿಗೆ ಐದು ಸಾವಿರ ಕೊಟ್ಟರೆ ಇಪ್ಪತ್ತು ಸಾವಿರ ಜನ ನೋಡುತ್ತಾರೆ ಎಂದಿತ್ತು. ನಾನು ಒಪ್ಪದಿದ್ದರೆ ಅವಳು ಅರಸೀಕೆರೆಯ ಬೇರೊಂದು ಅಂಗಡಿಗೆ ಕೆಲಸಕ್ಕೆ ಹೋಗುವವಳಿದ್ದಳು. ನಾನು ಅಕ್ಷರ ಕೂಡಿಸಿ ಓದಿ ಮುಗಿಸುವವರೆಗೂ ಒಂದೇ ಸೀರೆಯನ್ನು ಮಡಿಸುತ್ತ ನಿಂತಿದ್ದಳು.

“ದೇವಸ್ಥಾನಕ್ಕೆ ಹೋಗೋರೆಲ್ಲ ನನ್ನ ಬೋರ್ಡು ನೋಡ್ತಾರೆ ಕಣೇ. ಎಷ್ಟು ಜನ ಒಳಕ್ಕೆ ಬಂದವ್ರೆ?”

ಅವಳು ಪತ್ರ ಕಸಿದುಕೊಂಡು ಮತ್ತೆ ಬರೆದಳು. ಬೇಲೂರು, ಹಳೇಬೀಡು ಸುತ್ತಿನವರಿಗೆ ಮಾತ್ರ ತೋರಿಸುವುದು. ತಿಂಗಳಿಗೆ ನಲವತ್ತು ಜನ ವಿಚಾರಿಸಬಹುದು, ಹತ್ತು ಜನ ಕೊಳ್ಳಬಹುದು. ಮೂರು ತಿಂಗಳಲ್ಲಿ ಅಷ್ಟು ವ್ಯಾಪಾರ ಆಗದಿದ್ದರೆ ನಿಲ್ಲಿಸುವುದು.

“ಹತ್ತೇನಾ?”

“ಅಷ್ಟೇ ಅಜ್ಜಿ. ಸುಳ್ಳು ಬರೀಲಾ?”

ಹತ್ತು ಸೀರೆ ಮಾರಿದರೆ ಹಾಕಿದ ಹಣ ಹುಟ್ಟಿ ಸ್ವಲ್ಪ ಉಳಿಯುತ್ತದೆ. ಮೂರು ತಿಂಗಳಿಗೆ ಎಂದು ಹೇಳಿ ಸಹಿ ಹಾಕಿದೆ.