ಹತ್ತಿರದ ಯಾವುದೇ ದಂತವೈದ್ಯರಿಗೆ ತೋರಿಸಿ

ಹುಣಸೂರಿನಲ್ಲಿ ನನ್ನ ಕ್ಲಿನಿಕ್ಕು ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಕಡಿದಾಗಿದ್ದು, ಮೊಣಕಾಲು ನೋವಿನವರು ಹಲ್ಲುನೋವನ್ನು ಮರೆತೇ ಮೇಲೆ ಬರುತ್ತಿದ್ದರು. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಬೈಪಾಸ್ ಕಡೆ ಗಾಜಿನ ಬಾಗಿಲಿನ ದೊಡ್ಡ ಕ್ಲಿನಿಕ್ಕೊಂದು ತೆರೆಯಿತು. ಊರಿನ ಸರ್ಕಲ್ಲಿನಲ್ಲಿ ಅದರ ಫ್ಲೆಕ್ಸು, ಮೊಬೈಲಿನಲ್ಲಿ ಅದರದೇ ವಿಡಿಯೋ. ಕಲೆ ಹಿಡಿದ ಹಲ್ಲು ಒಂದು ಕಡೆ, ಹಾಲಿನಂಥ ಹಲ್ಲು ಇನ್ನೊಂದು ಕಡೆ, ಕೆಳಗೆ ಹಬ್ಬದ ರಿಯಾಯಿತಿ. ನನ್ನ ಕ್ಲಿನಿಕ್ಕಿನ ಬೆಂಚು ಖಾಲಿ ಬೀಳತೊಡಗಿತು.

ಕಟ್ಟಡದ ಯಜಮಾನರು ಕೆಟ್ಟವರಲ್ಲ. ಗೊಬ್ಬರದ ಅಂಗಡಿಯೂ ಅವರದೇ, ಪಿರಿಯಾಪಟ್ಟಣದ ರಸ್ತೆಯಲ್ಲಿ ಹೊಗೆಸೊಪ್ಪಿನ ಹೊಲವೂ ಸೊಪ್ಪು ಹದಗೊಳಿಸುವ ಎರಡು ಬ್ಯಾರನ್ನೂ ಇದ್ದವು. ನನ್ನ ಬೆಂಚು ಖಾಲಿ ಇರುವುದು ಕಂಡು ಅವರೇ ಮರುಗಿ, ಮೈಸೂರಿನಲ್ಲಿ ಜಾಹೀರಾತಿನ ಕೆಲಸ ಮಾಡುವ ತಮ್ಮ ಅಕ್ಕನ ಮಗನನ್ನು ಕಳಿಸಿಕೊಟ್ಟರು. ಆತ ಬರುವಾಗಲೇ ಪೋಸ್ಟರುಗಳನ್ನು ಲ್ಯಾಪ್‌ಟಾಪಿನಲ್ಲಿ ತಯಾರು ಮಾಡಿಕೊಂಡು ಬಂದಿದ್ದ. 'ನೋವೇ ಇಲ್ಲದ ರೂಟ್ ಕೆನಾಲ್, ನೂರಕ್ಕೆ ನೂರು ಗ್ಯಾರಂಟಿ.' 'ತಾಲ್ಲೂಕಿನ ನಂಬರ್ ಒನ್ ದಂತವೈದ್ಯೆ.' 'ಈ ವಾರ ಬಂದವರಿಗೆ ಕ್ಲೀನಿಂಗ್ ಉಚಿತ.' ನನ್ನ ಫೋಟೋಕ್ಕೆ ನನಗಿಲ್ಲದ ಹಲ್ಲುಸಾಲನ್ನೂ ಕೂರಿಸಿದ್ದ.

ಇದರಲ್ಲಿ ಒಂದನ್ನೂ ಹಾಕಲಾಗದು ಎಂದೆ. ನಮ್ಮ ವೃತ್ತಿಗೆ ನೀತಿಸಂಹಿತೆ ಇದೆ, ಗ್ಯಾರಂಟಿ ಕೊಡುವಂತಿಲ್ಲ, ಬೇರೆಯವರಿಗಿಂತ ನಾನೇ ಮೇಲು ಎನ್ನುವಂತಿಲ್ಲ, ರಿಯಾಯಿತಿ ತೋರಿಸಿ ರೋಗಿಗಳನ್ನು ಕರೆಯುವಂತಿಲ್ಲ, ಅವರ ಬಾಯಿಯ ಫೋಟೋ ಹಾಕಿ ಮೊದಲು ಹೀಗಿತ್ತು, ಈಗ ಹೀಗಾಯಿತು ಎಂದು ಪ್ರಚಾರ ಮಾಡುವಂತಿಲ್ಲ ಎಂದು ವಿವರಿಸಿದೆ. ಎಲ್ಲರೂ ಮಾಡುತ್ತಾರಲ್ಲ ಎಂದ. ಎಲ್ಲರೂ ಮಾಡುವುದು ನನಗೂ ಗೊತ್ತಿತ್ತು. ಆ ಮಾತು ಕೇಳಿ ನನಗೆ ಹಟ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

"ಹಂಗಾದ್ರೆ ಏನು ಹಾಕೋದು ಮೇಡಂ? ಬರೀ ಬೋರ್ಡ್ ನೋಡ್ಕೊಂಡು ಜನ ಬತ್ತಾರಾ?"

"ಜನಕ್ಕೆ ಗೊತ್ತಿರಬೇಕಾದ್ದನ್ನ ಹಾಕೋಣ. ಬಂದ್ರೆ ಬರ್ಲಿ, ಬರದಿದ್ರೆ ಗೊತ್ತಾದ್ರೂ ಆಗ್ಲಿ" ಎಂದೆ.

ಆತ ಲ್ಯಾಪ್‌ಟಾಪು ಮುಚ್ಚಿ, ಬೇಕಾದಾಗ ಹೇಳಿ ಎಂದು ಹೊರಟ.

ಮೊಬೈಲಿನಲ್ಲಿ ಕ್ಲಿನಿಕ್ಕಿನದೊಂದು ಪುಟ ತೆರೆದು ನಾನೊಬ್ಬಳೇ ಬರೆಯಲು ಕೂತೆ. ಮೊದಲ ಪೋಸ್ಟಿನ ತಲೆಬರಹ 'ದಂತಕ್ಷಯ: ಕಾರಣಗಳು ಮತ್ತು ನಿವಾರಣೋಪಾಯಗಳು'. ಅದನ್ನು ಕೊನೆಯವರೆಗೆ ಓದಿದವರು ನಾನು ಮತ್ತು ಕೆ.ಆರ್. ನಗರದಲ್ಲಿರುವ ನನ್ನ ಅಮ್ಮ ಇಬ್ಬರೇ ಇರಬೇಕು. ಕುರ್ಚಿಯಲ್ಲಿ ಕೂತವರಿಗೆ ನಾನು ಹೀಗೆ ಮಾತಾಡುವುದಿಲ್ಲವಲ್ಲ ಎಂದು ಆಮೇಲೆ ಹೊಳೆಯಿತು. ಕುರ್ಚಿಯ ಮಾತನ್ನೇ ಬರೆದೆ. 'ಲವಂಗದೆಣ್ಣೆ ಹಚ್ಚಿದರೆ ನೋವು ಸ್ವಲ್ಪ ಹೊತ್ತು ಅಡಗುತ್ತದೆ, ಹುಳುಕು ಅಡಗುವುದಿಲ್ಲ.' 'ನೋವಿನ ಮಾತ್ರೆಯನ್ನು ವಸಡಿನ ಮೇಲೆ ಇಟ್ಟರೆ ವಸಡು ಸುಡುತ್ತದೆ.' 'ಸಂತೆಯಲ್ಲಿ ಹಲ್ಲಿನಿಂದ ಹುಳು ತೆಗೆದು ತೋರಿಸುತ್ತಾರೆ. ಹಲ್ಲಿನೊಳಗೆ ಹುಳು ಇರುವುದೇ ಇಲ್ಲ.' ಚಿತ್ರಕ್ಕೆ ಯಾರ ಬಾಯಿಯೂ ಬೇಡವೆಂದು ಕಾಲೇಜಿನ ದಿನಗಳಲ್ಲಿ ಮಾಡಿಟ್ಟಿದ್ದ ಪ್ಲಾಸ್ಟರಿನ ಹಲ್ಲುಗಳನ್ನು ಬಿಳಿ ಬಟ್ಟೆಯ ಮೇಲಿಟ್ಟು ಫೋಟೋ ತೆಗೆದೆ. ಪ್ರತಿ ಪೋಸ್ಟಿನ ಕೊನೆಗೂ ಒಂದೇ ಮಾತು: 'ಇದು ತಿಳಿವಳಿಕೆಗೆ ಮಾತ್ರ. ತೊಂದರೆ ಇದ್ದರೆ ನಿಮಗೆ ಹತ್ತಿರದ ಯಾವುದೇ ದಂತವೈದ್ಯರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಯಲ್ಲೂ ಇರುತ್ತಾರೆ.' ಕ್ಲಿನಿಕ್ಕಿನ ಹೆಸರು, ಸಮಯ, ಫೋನು ಪುಟದ ವಿವರದಲ್ಲಷ್ಟೇ ಇದ್ದವು. ಪೋಸ್ಟಿನೊಳಗೆ ಬನ್ನಿ ಎಂದು ಎಲ್ಲೂ ಬರೆಯಲಿಲ್ಲ.

ಆ ಕೊನೆಯ ಸಾಲು ನೋಡಿ ಯಜಮಾನರ ಅಕ್ಕನ ಮಗ ಫೋನು ಮಾಡಿದ. ನಿಮ್ಮ ಗಿರಾಕಿಯನ್ನು ನೀವೇ ಬೈಪಾಸಿಗೆ ಕಳಿಸುತ್ತಿದ್ದೀರಿ ಎಂದು ನಿಜವಾಗಿ ನೊಂದುಕೊಂಡ. ಕಳಿಸಿದರೆ ಕಳಿಸಿದೆ, ಹಲ್ಲು ಉಳಿಯಲಿ ಎಂದೆ.

ಪೋಸ್ಟುಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದವು. ಗಾವಡಗೆರೆಯ ಶಾಲೆಯ ತಾಯಂದಿರ ಗುಂಪಿನಲ್ಲಿ ಹಾಲುಹಲ್ಲಿನ ಪೋಸ್ಟು ಓದಿದೆ ಎಂದು ಒಬ್ಬಾಕೆ ಮಗುವನ್ನು ಎತ್ತಿಕೊಂಡು ಬಂದಳು. ಎಚ್.ಡಿ. ಕೋಟೆ ಕಡೆಯಿಂದ ಹುಳು ತೆಗೆಸಿಕೊಂಡು ಮೋಸಹೋದ ಒಬ್ಬರು, ಬಿಳಿಕೆರೆಯಿಂದ ಇನ್ನೊಬ್ಬರು. ಹಲವರು ಬಾಯಿಯ ಫೋಟೋ ಕಳಿಸಿ ಏನು ಮಾತ್ರೆ ತಗೊಳ್ಳಲಿ ಎಂದು ಕೇಳುತ್ತಿದ್ದರು. ಫೋಟೋ ನೋಡಿ ಮಾತ್ರೆ ಬರೆಯಲಾರೆ, ಬಾಯಿಯನ್ನೇ ನೋಡಬೇಕು ಎಂದು ಅಷ್ಟೂ ಜನಕ್ಕೆ ಉತ್ತರ ಬರೆದೆ. ಕೆಲವರು ಬೈದುಕೊಂಡರು, ಕೆಲವರು ಬಂದರು. ಬೆಂಚು ನಿಧಾನಕ್ಕೆ ತುಂಬತೊಡಗಿತು.

ಆಗ ತಂಬಾಕಿನ ಪೋಸ್ಟು ಹಾಕಿದೆ.

ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ಅದರ ಕಡ್ಡಿ ಕುಟ್ಟಿದ ಕಡ್ಡಿಪುಡಿ ಹಾಕಿಕೊಳ್ಳುವವರನ್ನು ನಾನು ದಿನಾ ನೋಡುತ್ತಿದ್ದೆ. ಅದರಿಂದ ಬಾಯಿಗೆ ಏನಾಗುತ್ತದೆ ಎಂದು ನೇರವಾಗಿ ಬರೆದೆ. ಕೆನ್ನೆಯೊಳಗೆ ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟರೆ ಒಳಗೆ ಹೋಗದಷ್ಟು ಕಿರಿದಾದ ಬಾಯಿ. ಇದರಲ್ಲಿ ಯಾವುದು ಕಂಡರೂ ತಡಮಾಡದೆ ತೋರಿಸಿ, ನೋವಿಲ್ಲ ಎಂದು ಬಿಡಬೇಡಿ ಎಂದೆ. ಎಲ್ಲ ಮಚ್ಚೆಯೂ ಕ್ಯಾನ್ಸರಲ್ಲ ಎಂಬ ಮಾತನ್ನೂ ಸೇರಿಸಿದೆ, ಹೆದರಿಸಿ ಕರೆಯುವುದೂ ಒಂದು ಬಗೆಯ ಜಾಹೀರಾತೇ ಎಂದು ನನಗನಿಸಿತ್ತು. ಚಿತ್ರಕ್ಕೆ ನನ್ನ ಮೂರು ಬೆರಳು.

ಮಾರನೆಯ ದಿನ ಬೆಳಿಗ್ಗೆ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಹೊಗೆಸೊಪ್ಪಿನ ಹರಾಜಿನ ಕಾಲ. ಸೊಪ್ಪು ಮಾರಲು ಬಂದ ರೈತರು ಅಂಗಡಿಯಲ್ಲಿ ಕೂತು ಆ ಪೋಸ್ಟನ್ನೇ ಓದುತ್ತಿದ್ದರಂತೆ. ನಿಮ್ಮ ಮಹಡಿಯ ಡಾಕ್ಟರೇ ಹೊಗೆಸೊಪ್ಪಿಗೆ ಕಲ್ಲು ಹಾಕುತ್ತಿದ್ದಾರಲ್ಲ ಎಂದು ಅವರನ್ನು ಆಡಿಕೊಂಡರಂತೆ.

"ಇಡೀ ಊರು ಸೊಪ್ಪಿನ ಮ್ಯಾಲೆ ನಿಂತದೆ ಡಾಕ್ಟ್ರಮ್ಮ. ನೀವು ಇಲ್ಲೇ ಕುಂತು ಇಂಗೆ ಬರೆದ್ರೆ ಎಂಗೆ? ಅದೊಂದ ತೆಗೆದುಬುಡಿ."

ನಾನು ಬೆಳೆಯ ಬಗ್ಗೆ ಒಂದು ಅಕ್ಷರವನ್ನೂ ಬರೆದಿಲ್ಲ, ಬಾಯಿಯ ಬಗ್ಗೆ ಬರೆದಿದ್ದೇನೆ ಎಂದೆ. ಅವರ ಬ್ಯಾರನ್ನಿನ ಸೊಪ್ಪು ಸಿಗರೇಟಿಗೆ ಹೋಗುವುದು ನಿಜ, ಆದರೆ ಅದನ್ನು ಗ್ರೇಡ್ ಮಾಡಿ ವಿಂಗಡಿಸುವ ಹೆಂಗಸರ ಸೆರಗಿನ ಗಂಟಿನಲ್ಲಿ ಕಡ್ಡಿಪುಡಿ ಇರುವುದು ಅವರಿಗೂ ಗೊತ್ತಿತ್ತು. ಆದರೂ, ಇಲ್ಲಿರಬೇಕು ಅಂದರೆ ಆ ಪೋಸ್ಟು ಇರಕೂಡದು, ಯೋಚನೆ ಮಾಡಿ ಎಂದರು.

"ಯೋಚನೆ ಮಾಡೋದು ಏನಿಲ್ಲ ಯಜಮಾನ್ರೇ. ಜಾಗ ಖಾಲಿ ಮಾಡಿ ಅಂದ್ರೆ ಮಾಡ್ತೀನಿ. ಪೋಸ್ಟ್ ತೆಗಿಯಲ್ಲ."

ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ ಯಂತ್ರ ಇಳಿಸಿ ಬೇರೆ ಕಡೆ ಕೂರಿಸುವುದೆಂದರೆ ಹುಡುಗಾಟವಲ್ಲ. ಆದರೂ ಮಾತು ಹಿಂದೆ ತೆಗೆದುಕೊಳ್ಳಬೇಕೆಂದು ಒಮ್ಮೆಯೂ ಅನಿಸಲಿಲ್ಲ.

ಖಾಲಿ ಮಾಡುವುದಕ್ಕೆ ಆರು ತಿಂಗಳ ಗಡುವು ಸಿಕ್ಕಿ ಕಟ್ಟಡ ಹುಡುಕುತ್ತಿದ್ದ ದಿನಗಳಲ್ಲೇ ಪಿರಿಯಾಪಟ್ಟಣದ ಕಡೆಯ ಹಳ್ಳಿಯೊಂದರಿಂದ ಒಬ್ಬ ಹೆಂಗಸು ಬಂದರು. ಐವತ್ತು ದಾಟಿದವರು, ಸೊಪ್ಪು ಗ್ರೇಡ್ ಮಾಡುವ ಶೆಡ್ಡಿನಲ್ಲಿ ಕೆಲಸ. ಸೊಸೆ ಮೊಬೈಲಿನಲ್ಲಿ ಓದಿ ಹೇಳಿದ್ದಳಂತೆ. ತಮಗೆ ಮೂರು ಬೆರಳೂ ಹೋಗುತ್ತವೆ, ನೋವೂ ಇಲ್ಲ, ಒರೆಸಿದರೂ ಹೋಗದ ಬಿಳಿ ಮಾತ್ರ ಇದೆ ಎಂದರು. ಎಡಗೆನ್ನೆಯೊಳಗೆ, ಅವರು ಕಡ್ಡಿಪುಡಿ ಇಟ್ಟುಕೊಳ್ಳುವ ಜಾಗದಲ್ಲೇ, ಒರಟಾದ ಬಿಳಿ ಮಚ್ಚೆ. ದಿಗಿಲನ್ನು ಮುಖದಲ್ಲಿ ತೋರಿಸದೆ, ಇದರಿಂದ ಚೂರು ತೆಗೆದು ಪರೀಕ್ಷೆ ಮಾಡಿಸಲೇಬೇಕು, ಅದಕ್ಕೆ ಮೊದಲು ಏನೆಂದು ಹೇಳಲಾಗದು ಎಂದೆ. ಮೈಸೂರಿನಲ್ಲಿರುವ ಬಾಯಿಯ ಶಸ್ತ್ರಚಿಕಿತ್ಸಕರೊಬ್ಬರಿಗೆ ಚೀಟಿ ಕೊಟ್ಟೆ.

ವರದಿ ಬಂದಾಗ ಅದನ್ನು ಹಿಡಿದುಕೊಂಡು ನನ್ನಲ್ಲಿಗೇ ಬಂದರು. ಕ್ಯಾನ್ಸರಲ್ಲ. ಆದರೆ ಜೀವಕೋಶಗಳು ಹದಗೆಡಲು ಶುರುವಾಗಿದ್ದವು, ಹಾಗೇ ಬಿಟ್ಟಿದ್ದರೆ ಮುಂದೆ ಏನಾದರೂ ಆಗಬಹುದಿತ್ತು. ಮಚ್ಚೆಯನ್ನು ಮೈಸೂರಿನಲ್ಲೇ ತೆಗೆದರು. ಕಡ್ಡಿಪುಡಿ ಪೂರ್ತಿ ಬಿಡಬೇಕು, ಕೆಲವು ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಿರಬೇಕು. ಬಿಡುವುದು ಅವರಿಗೆ ಸುಲಭವಾಗಲಿಲ್ಲ. ಎರಡು ಸಲ ಬಿಟ್ಟು ಮತ್ತೆ ಹಿಡಿದರು, ಮೂರನೆಯ ಸಲ ಬಿಟ್ಟರು.

ಸುದ್ದಿ ಯಜಮಾನರ ಅಕ್ಕನ ಮಗನಿಗೆ ಹೇಗೋ ಮುಟ್ಟಿತು. ಆಕೆ ತಪಾಸಣೆಗೆ ಬಂದ ದಿನ ಆತ ಕ್ಯಾಮೆರಾ ತಂದ. ಇದಕ್ಕಿಂತ ದೊಡ್ಡ ವಿಡಿಯೋ ಬೇಕೇ, ಜೀವ ಉಳಿಸಿದ ಪೋಸ್ಟು, ಆಕೆಯ ಬಾಯಿಂದಲೇ ನಾಲ್ಕು ಮಾತು ಎಂದ. ನಾನು ಬೇಡ ಎನ್ನುವಷ್ಟರಲ್ಲಿ ಆಕೆ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ತೆಗೀಲಿ ಬುಡಿ ಡಾಕ್ಟ್ರಮ್ಮ. ನಾನೇನು ಕದ್ದಿದ್ದೀನಾ ಮಕ ಮುಚ್ಕಳ್ಳಾಕೆ?"

ಆಕೆಯ ಧೈರ್ಯ ನೋಡಿ ನನಗೆ ಸಂತೋಷವೇ ಆಯಿತು. ಆದರೂ ಕ್ಯಾಮೆರಾಕ್ಕೆ ಅಡ್ಡ ನಿಂತೆ. ನನ್ನ ಕ್ಲಿನಿಕ್ಕಿನ ಹೆಸರಿನ ಕೆಳಗೆ ನಿಮ್ಮ ಮುಖ ಬಂದರೆ ಅದು ನಿಮ್ಮ ಮಾತಾಗುವುದಿಲ್ಲ, ನನ್ನ ಅಂಗಡಿಯ ಮಾತಾಗುತ್ತದೆ, ನಿಮ್ಮ ಒಪ್ಪಿಗೆ ಇದ್ದರೂ ನಾನು ಹಾಗೆ ಬಳಸಿಕೊಳ್ಳುವಂತಿಲ್ಲ ಎಂದೆ.

"ಹಂಗಾರೆ ನಾನು ಯಾರಿಗೂ ಯೋಳ್ಬಾರ್ದಾ?"

"ನಿಮ್ಮ ಬಾಯಿ, ನಿಮ್ಮ ಮಾತು. ಯಾರಿಗೆ ಬೇಕಾದ್ರೂ ಹೇಳಿ. ನಾನು ಹೇಳಿಸಬಾರದು, ಅಷ್ಟೇ."

ಆಕೆ ಆಯಿತು ಎಂದು ಎದ್ದರು. ಯಜಮಾನರ ಅಕ್ಕನ ಮಗ ಕ್ಯಾಮೆರಾ ಚೀಲಕ್ಕೆ ಹಾಕುತ್ತಾ, ಇಷ್ಟು ಒಳ್ಳೆಯದನ್ನು ಮುಚ್ಚಿಡುವವರನ್ನು ನೋಡಿಲ್ಲ ಎಂದು ಗೊಣಗಿದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಕಸುಬಿನಲ್ಲಿ ಅದು ಸರಿಯಾದ ಮಾತೇ.

ಆಕೆ ಶೆಡ್ಡಿನಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಒಂದು ಸೋಮವಾರ ಬಾಡಿಗೆ ಆಟೋದಲ್ಲಿ ಹೆಂಗಸರು ಬಂದಿಳಿದರು. ಬೆಂಚಿನಲ್ಲಿ ಜಾಗ ಸಾಲದೆ ಮೆಟ್ಟಿಲ ಮೇಲೆಲ್ಲ ಕೂತರು. ಹೆಚ್ಚಿನವರಿಗೆ ಏನೂ ಇರಲಿಲ್ಲ. ಒಬ್ಬರಿಗೆ ಬಾಯಿ ಬಿಗಿಯಾಗುತ್ತಿತ್ತು, ಅವರನ್ನು ಮೈಸೂರಿಗೆ ಕಳಿಸಿದೆ. ಉಳಿದವರಲ್ಲಿ ಕೆಲವರು ಹುಳುಕಿಗೆ ಸಿಮೆಂಟು ತುಂಬಿಸಿಕೊಂಡರು, ಕೆಲವರು ಬಾಯಿ ತೋರಿಸಿ ಹೊರಟರು. ಕೆಳಗೆ ಅಂಗಡಿಯ ಬಾಗಿಲಲ್ಲಿ ಯಜಮಾನರು ನಿಂತು ನೋಡುತ್ತಿದ್ದರು. ಅವರ ಬ್ಯಾರನ್ನಿಗೇ ಕೆಲಸಕ್ಕೆ ಹೋಗುವ ಹೆಂಗಸರೂ ಆ ಗುಂಪಿನಲ್ಲಿದ್ದರು. ಯಜಮಾನರು ಅವರನ್ನು ಏನೂ ಕೇಳಲಿಲ್ಲ, ಮನಸ್ಸನ್ನೂ ಬದಲಿಸಲಿಲ್ಲ. ಗಡುವು ಮುಗಿದ ದಿನ ನಾನು ಬೀಗದ ಕೈ ಕೊಟ್ಟಾಗ, ನನಗೆ ನಿಮ್ಮ ಮೇಲೆ ದ್ವೇಷವಿಲ್ಲ ಎಂದರು. ನನಗೂ ಇಲ್ಲ ಎಂದೆ. ಇಬ್ಬರೂ ನಿಜವನ್ನೇ ಹೇಳಿದೆವು ಅಂದುಕೊಂಡಿದ್ದೇನೆ.

ಹೊಸ ಜಾಗ ಬಸ್ ನಿಲ್ದಾಣದಿಂದ ಸ್ವಲ್ಪ ದೂರ, ನೆಲಮಹಡಿ. ವಿಳಾಸ ಬದಲಾದರೆ ಹಾಗೆಂದು ಪ್ರಕಟಿಸಲು ನಿಯಮದಲ್ಲೇ ಅವಕಾಶವಿದೆ. ಅಷ್ಟನ್ನೇ ಬರೆದೆ: ಕ್ಲಿನಿಕ್ಕು ಇಲ್ಲಿಂದ ಇಲ್ಲಿಗೆ ಬಂದಿದೆ, ಸಮಯ ಮೊದಲಿನದೇ. ಉದ್ಘಾಟನೆಯ ಕೊಡುಗೆ ಏನೂ ಇಲ್ಲವೇ ಎಂದು ಒಬ್ಬರು ಕಮೆಂಟು ಹಾಕಿದರು. ಇಲ್ಲ ಎಂದು ಉತ್ತರಿಸಿ, ಕಡ್ಡಿಪುಡಿಯ ಪೋಸ್ಟನ್ನು ಪುಟದ ಎಲ್ಲಕ್ಕಿಂತ ಮೇಲೆ ಬರುವಂತೆ ಪಿನ್ ಮಾಡಿದೆ. ಬೈಪಾಸಿನ ಫ್ಲೆಕ್ಸು ಈಗಲೂ ಸರ್ಕಲ್ಲಿನಲ್ಲಿದೆ, ಹಬ್ಬಕ್ಕೊಂದು ಹೊಸದಾಗಿ. ನನ್ನ ಬೆಂಚು ಕೆಲವು ದಿನ ತುಂಬಿರುತ್ತದೆ, ಕೆಲವು ದಿನ ಇರುವುದಿಲ್ಲ. ಇರದ ದಿನ ಮುಂದಿನ ಪೋಸ್ಟು ಬರೆಯುತ್ತೇನೆ. ಈ ವಾರದ್ದು, ರಾತ್ರಿ ಹಾಲಿನ ಬಾಟಲು ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳ ಬಗ್ಗೆ. ಇದಕ್ಕೂ ಯಾರೋ ಒಬ್ಬರು ಸಿಟ್ಟಾಗಬಹುದು, ಆಗಲಿ.